ಮಂಗಳವಾರ ನಡುರಾತ್ರಿ ಟಿಕೆಟ್ ಕೊಂಡರೆ ಅಗ್ಗವಾ?

ಪ್ರಶ್ನೆ, ಗೋಣಿಕೊಪ್ಪಲಿನಿಂದ: ಸರ್, ಹುತ್ತರಿಗೆ ಮಗಳು, ಅಳಿಯ, ಇಬ್ಬರು ಮಕ್ಕಳು ದುಬೈನಿಂದ ಕಣ್ಣೂರಿಗೆ ಬರಬೇಕು. ಮಂಗಳವಾರ ರಾತ್ರಿ ಹನ್ನೆರಡರ ಮೇಲೆ ಬುಕ್ ಮಾಡಿದರೆ ಕಡಿಮೆ ಅಂತ ಅಳಿಯ ಕಾಯುತ್ತಿದ್ದಾನೆ. ನಿಜವಾ?

ಮಡಿಕೇರಿಯ ಟ್ರಾವೆಲ್ ಏಜೆಂಟ್: ನಿದ್ದೆಗೆಡಬೇಡ ಅಂತ ಹೇಳಿ ಅಕ್ಕ. ಹಿಂದೆ ಅಮೆರಿಕದಲ್ಲಿ ಕೆಲವು ಕಂಪನಿಗಳು ಸೋಮವಾರ ಸಂಜೆ ದರ ಇಳಿಸುತ್ತಿದ್ದವು, ಮಂಗಳವಾರ ಉಳಿದವರೂ ಇಳಿಸುತ್ತಿದ್ದರು, ಮಾತು ಹುಟ್ಟಿದ್ದು ಅಲ್ಲಿಂದ. ಈಗ ದರ ದಿನಕ್ಕೆ ಎಷ್ಟೋ ಸಲ ಬದಲಾಗುತ್ತದೆ. 2022ರಲ್ಲಿ ಗೂಗಲ್ ಹೇಳಿದ ಐದು ವರ್ಷದ ಲೆಕ್ಕದಲ್ಲಿ ಮಂಗಳ, ಬುಧ, ಗುರುವಾರ ಕೊಂಡವರಿಗೆ ಶನಿ, ಭಾನುವಾರಕ್ಕಿಂತ ಬರೀ ಶೇ. 1.9 ಉಳಿದಿದೆ. ತಮಾಷೆ ಅಂದರೆ, 2012ರ ಇನ್ನೊಂದು ಅಧ್ಯಯನದಲ್ಲಿ ವಾರಾಂತ್ಯದಲ್ಲಿ ಕೊಂಡದ್ದೇ ಸುಮಾರು ಶೇ. 5 ಅಗ್ಗ! ಎರಡೂ ಅಮೆರಿಕದ್ದು, ನಮ್ಮ ಗಲ್ಫ್ ರೂಟ್‌ಗೆ ಹಾಗೇ ಹಚ್ಚಬೇಡಿ.

ಕೊಳ್ಳುವ ದಿನಕ್ಕಿಂತ ಹಾರುವ ದಿನದ್ದೇ ಜಾಸ್ತಿ ಪ್ರಭಾವ. ಅದೇ ಗೂಗಲ್ ಲೆಕ್ಕದಲ್ಲಿ ಸೋಮ, ಮಂಗಳ, ಬುಧವಾರ ಹೊರಡುವ ವಿಮಾನಗಳು ವಾರಾಂತ್ಯಕ್ಕಿಂತ ಶೇ. 12ರಷ್ಟು ಕಡಿಮೆ.

ಸೋಮವಾರಪೇಟೆಯಿಂದ: ತಪ್ಪು ಸರ್, ಗಂಟೆ ಮುಖ್ಯವೇ. ತತ್ಕಾಲ್‌ಗೆ ನಾನು ಎಸಿ ಆದರೆ ಬೆಳಗ್ಗೆ 10ಕ್ಕೆ, ಸ್ಲೀಪರ್ ಆದರೆ 11ಕ್ಕೆ ಸರಿಯಾಗಿ ಕೂರುತ್ತೇನೆ. ಐದು ನಿಮಿಷ ತಡವಾದರೆ ವೇಟಿಂಗ್.

ಏಜೆಂಟ್: ಅದು ರೈಲು ಅಣ್ಣ. ಅಲ್ಲಿ ಗಂಟೆ ಹೊಡೆದ ಕೂಡಲೇ ಕೋಟಾ ತೆರೆಯುತ್ತದೆ. ವಿಮಾನದಲ್ಲಿ ಹಾಗೆ ತೆರೆಯುವ ಬಾಗಿಲಿಲ್ಲ.

ವಿರಾಜಪೇಟೆಯಿಂದ: ಆದರೆ ಎರಡು ಸಲ ಹುಡುಕಿದರೆ ದರ ಏರಿಸುತ್ತಾರೆ, ನನಗೇ ಆಗಿದೆ. ಇನ್‌ಕಾಗ್ನಿಟೋದಲ್ಲಿ ನೋಡಬೇಕು.

ಏಜೆಂಟ್: ಏರಿದ್ದು ನಿಜ ಇರಬಹುದು, ಕಾರಣ ಬೇರೆ. ಒಂದೇ ವಿಮಾನದ ಸೀಟುಗಳನ್ನು ಹಲವು ದರಗಳಿಗೆ ಹಂಚಿರುತ್ತಾರೆ. ಕಡಿಮೆ ದರದ ಸೀಟು ಬೇರೆ ಯಾರೋ ಕೊಂಡರೆ ಮುಂದಿನ ದರ ಕಾಣುತ್ತದೆ.

ಅಕ್ಕ, ನಿಮ್ಮ ವಿಷಯದಲ್ಲಿ ನೋಡಬೇಕಾದ್ದು ಇದೇ. ಉದಾಹರಣೆಗೆ 12 ಸಾವಿರದ ಸೀಟು ಎರಡೇ ಉಳಿದಿವೆ, ನಂತರದ್ದು 15 ಸಾವಿರ ಅಂದುಕೊಳ್ಳಿ. ನಾಲ್ಕು ಜನರಿಗೆ ಒಟ್ಟಿಗೆ ಹುಡುಕಿದರೆ ಸಾಮಾನ್ಯವಾಗಿ ನಾಲ್ವರಿಗೂ 15 ಸಾವಿರ ತೋರಿಸುತ್ತದೆ, 60 ಸಾವಿರ. ಇಬ್ಬಿಬ್ಬರಾಗಿ ಕೊಂಡರೆ 24 ಮತ್ತು 30, ಅಂದರೆ 54 ಸಾವಿರ. ಮೊದಲು ಒಬ್ಬರಿಗೆ, ಆಮೇಲೆ ನಾಲ್ವರಿಗೆ ಹುಡುಕಿ. ತಲಾ ದರ ಬೇರೆ ಬಂದರೆ ಇದೇ ಆಗಿದೆ ಅಂತ ಅರ್ಥ. ಒಡೆಯುವುದಾದರೆ ಒಂದೊಂದು ಮಗು ಒಬ್ಬೊಬ್ಬರ ಟಿಕೆಟ್‌ನಲ್ಲಿರಲಿ. ಆದರೆ ವಿಮಾನ ರದ್ದಾದರೆ ಎರಡು ಬುಕಿಂಗ್‌ನವರನ್ನು ಬೇರೆ ಬೇರೆ ವಿಮಾನಕ್ಕೆ ಹಾಕಬಹುದು, ಅದು ಗೊತ್ತಿರಲಿ.

ಗೋಣಿಕೊಪ್ಪಲಿನಿಂದ: ಸರಿ ಸರ್. ಆದರೆ ಪಾಡಿ ಇಗ್ಗುತ್ತಪ್ಪದಲ್ಲಿ ಹುತ್ತರಿ ದಿನ ಗೊತ್ತು ಮಾಡುವ ಮೊದಲೇ ಹೇಗೆ ಕೊಳ್ಳುವುದು?

ಏಜೆಂಟ್: ಹುಣ್ಣಿಮೆ ಆಸುಪಾಸು ನೋಡಿ ಎರಡು ಮೂರು ದಿನ ಮೊದಲೇ ಇಳಿಯುವಂತೆ ತೆಗೆಯಿರಿ ಅಂತೀನಿ ನಾನು.

ವಿರಾಜಪೇಟೆಯಿಂದ: ಅಳಿಯನಿಗೆ ರಜೆ ಸಿಗಬೇಕಲ್ಲ ಸರ್!