ಸಹಾಯ ಬೇಕು: ರಿಪ್ಪನ್‌ಪೇಟೆ ಕಡೆಯವರು ಈ ಕಥೆಯ ದಾರಿ ನೋಡಿ ಹೇಳಿ

ಒಂದು ಸಣ್ಣ ಕಥೆ ಬರೆಯುತ್ತಿದ್ದೇನೆ. ನಾಯಕಿ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು, ಮನೆ ರಿಪ್ಪನ್‌ಪೇಟೆ ಹತ್ತಿರದ ಹಳ್ಳಿ. ಮಳೆಗಾಲದ ಒಂದು ಸಂಜೆ ಖಾಸಗಿ ಬಸ್ಸನ್ನು ಬಿಟ್ಟು, ಶಕ್ತಿ ಯೋಜನೆಯ ಉಚಿತ ಟಿಕೆಟ್‌ಗಾಗಿ ಸರ್ಕಾರಿ ಬಸ್ಸಿಗೆ ಕಾಯುತ್ತಾಳೆ. ಅದು ಬರುವುದೇ ಇಲ್ಲ. ಬಿಟ್ಟ ಬಸ್ಸೇ ಕೊನೆಯದಾಗಿತ್ತು. (ಇದು ನನ್ನದೇ ಅನುಭವ, ನಗಬೇಡಿ.)

ಆಮೇಲೆ ಅವಳು ರಿಪ್ಪನ್‌ಪೇಟೆಯ ಫಲಕ ಹುಡುಕುವುದನ್ನೇ ಬಿಟ್ಟು, ಸಾಗರದ ಬಸ್ಸನ್ನು ಹುಡುಕುತ್ತಾಳೆ. ಆ ಹೆದ್ದಾರಿಯಲ್ಲಿ ರಾತ್ರಿಯೂ ಬಸ್ಸುಗಳಿರುತ್ತವೆ. ಆಯನೂರಿನಲ್ಲಿ ಇಳಿದರೆ ರಿಪ್ಪನ್‌ಪೇಟೆಗೆ ತಿರುಗುವ ರಸ್ತೆಯೇನೋ ಸಿಗುತ್ತದೆ, ಆದರೆ ಮುಂದೆ ಕಾಡು. ಅಪ್ಪ ಆ ಕತ್ತಲಲ್ಲಿ ಸ್ಕೂಟರಿನಲ್ಲಿ ಅಷ್ಟು ದೂರ ಬರಬೇಕಾಗುತ್ತದೆ. ಹಾಗಾಗಿ ಇನ್ನೂ ಮುಂದೆ ಹೋಗಿ ಆನಂದಪುರದಲ್ಲಿ ಇಳಿಯುವುದೆಂದು ನಿರ್ಧರಿಸುತ್ತಾಳೆ. ಸುತ್ತಾದರೂ ಅಲ್ಲಿ ಪೇಟೆಯ ಬೆಳಕಿದೆ.

ಹತ್ತುವ ಮೊದಲೇ ಕಂಡಕ್ಟರ್‌ ಬಳಿ, "ಆನಂದಪುರದಲ್ಲಿ ನಿಲ್ಲಿಸುತ್ತೀರಾ ಅಣ್ಣಾ?" ಎಂದು ಕೇಳುತ್ತಾಳೆ. ವೇಗದೂತ ಬಸ್ಸುಗಳು ಎಲ್ಲೆಡೆ ನಿಲ್ಲುವುದಿಲ್ಲವಲ್ಲ. ಊರು ದಾಟಿದರೆ ಸಿಗ್ನಲ್ ನಂಬುವಂತಿಲ್ಲ, ಆದ್ದರಿಂದ ನಿಲ್ದಾಣದಿಂದಲೇ ಅಪ್ಪನಿಗೆ ಕರೆ ಮಾಡುತ್ತಾಳೆ: "ಬಸ್ಸಿಳಿದ ಜಾಗದಲ್ಲೇ ನಿಂತಿರುತ್ತೇನೆ. ನೀವು ಬರುವವರೆಗೆ ಕದಲುವುದಿಲ್ಲ."

ಇಲ್ಲಿಗೆ ನಿಂತಿದ್ದೇನೆ. ರಾತ್ರಿ ಒಂಬತ್ತೂವರೆಗೆ ಆನಂದಪುರದಲ್ಲಿ ಒಬ್ಬಳೇ ನಿಲ್ಲಲು ತೆರೆದ ಅಂಗಡಿಯೋ ಹೋಟೆಲೋ ಇರುತ್ತದೆಯೇ? ನಿಮ್ಮ ಮನೆಯ ಹುಡುಗಿಯಾದರೆ ಎಲ್ಲಿ ಇಳಿಯಲು ಹೇಳುತ್ತಿದ್ದಿರಿ?