ಉಳಿತಾಯ ಖಾತೆ ಬಡ್ಡಿ: ನನ್ನ ಶೀಟ್‌ನಲ್ಲಿ 9,277, ಬ್ಯಾಂಕ್ ಹಾಕಿದ್ದು 7,174. ಎಲ್ಲಿ ತಪ್ಪಿದೆ?

ಅಡಿಕೆಮನೆ (ಸಾಗರ)

ಜುಲೈನಿಂದ ಸೆಪ್ಟೆಂಬರ್ 2025ರ ಬಡ್ಡಿ ಖಾತೆಗೆ ಬಂದಿದೆ, ಆದರೆ ನನ್ನ ಲೆಕ್ಕಕ್ಕೆ ಹೊಂದುತ್ತಿಲ್ಲ. ಬ್ಯಾಂಕಿನ ಹೆಸರು ಬೇಡ, ಸ್ಮಾಲ್ ಫೈನಾನ್ಸ್ ಬ್ಯಾಂಕ್ ಅಂದುಕೊಳ್ಳಿ. ಅವರ ದರ ಹೀಗಿದೆ: 1 ಲಕ್ಷದವರೆಗೆ ಶೇ. 3, 1ರಿಂದ 5 ಲಕ್ಷದವರೆಗೆ ಶೇ. 5, 5 ಲಕ್ಷ ಮೀರಿದರೆ ಶೇ. 7. ಮೂರು ತಿಂಗಳಲ್ಲಿ ದರ ಬದಲಾಗಿಲ್ಲ, ಅದನ್ನು ನೋಡಿಕೊಂಡೇ ಕೇಳುತ್ತಿದ್ದೇನೆ.

ಜುಲೈ 1ಕ್ಕೆ ಖಾತೆಯಲ್ಲಿ 6,00,000 ಇತ್ತು. ಆಗಸ್ಟ್ 10ಕ್ಕೆ ಮಗನ ಕಾಲೇಜು ಫೀಸಿಗೆ 1,50,000 ಕಳಿಸಿದೆ, ಉಳಿದದ್ದು 4,50,000. ಸೆಪ್ಟೆಂಬರ್ 15ಕ್ಕೆ ಅಡಿಕೆ ಮಾರಿದ ದುಡ್ಡು 3,50,000 ಸೇರಿ 8,00,000 ಆಯಿತು. ಅಂದರೆ 40 ದಿನ, 36 ದಿನ, 16 ದಿನ. ಶೀಟ್‌ನಲ್ಲಿ B ಕಾಲಂ ಬ್ಯಾಲೆನ್ಸ್, C ಕಾಲಂ ದಿನ. ಹಾಕಿದ್ದ ಸೂತ್ರ:

```
=B2*IF(B2>500000,7%,IF(B2>100000,5%,3%))*C2/365
```

ಮೂರೂ ಸಾಲು ಕೂಡಿದರೆ 9,277 ಬರುತ್ತದೆ. ಬ್ಯಾಂಕ್ ಕೊಟ್ಟಿರುವುದು 7,174. ಎರಡು ಸಾವಿರದ ಮೇಲೆ ವ್ಯತ್ಯಾಸ. ಬ್ರಾಂಚಿನಲ್ಲಿ ಕೇಳಿದರೆ "ಸಿಸ್ಟಮ್ ಹಾಕಿದ್ದು ಮೇಡಂ, ಸರಿಯೇ ಇರುತ್ತೆ" ಅಂತಾರೆ.

ಪಾಸ್‌ಬುಕ್ ಪುರಾಣ

ಮೇಡಂ, ಇದು ಹಳೇ ಕತೆ. ಬ್ಯಾಂಕಿನವರು ದಿನದಿನದ ಬ್ಯಾಲೆನ್ಸ್ ನೋಡುವುದಿಲ್ಲ. ತಿಂಗಳ 10ನೇ ತಾರೀಕಿನಿಂದ ಕೊನೇ ದಿನದವರೆಗೆ ಅತಿ ಕಡಿಮೆ ಎಷ್ಟಿತ್ತೋ ಅದಕ್ಕೆ ಮಾತ್ರ ಬಡ್ಡಿ. ನೀವು ಆಗಸ್ಟ್ 10ಕ್ಕೇ ತೆಗೆದಿದ್ದೀರಿ, ಆ ತಿಂಗಳು ಪೂರ್ತಿ ಹೊಡೆತ. ಸೆಪ್ಟೆಂಬರ್ 15ಕ್ಕೆ ಹಾಕಿದ್ದಕ್ಕೆ ಆ ತಿಂಗಳು ಏನೂ ಸಿಗುವುದಿಲ್ಲ. ನಮ್ಮ ತಂದೆ 10ನೇ ತಾರೀಕಿನೊಳಗೇ ದುಡ್ಡು ಕಟ್ಟುತ್ತಿದ್ದರು.

ಬಸ್ ಪಾಸ್ ಬೆಂಗಳೂರು

ಟಿಡಿಎಸ್ ಹಿಡಿದಿರುತ್ತಾರೆ ನೋಡಿ. ನನಗೂ ಹೋದ ವರ್ಷ ಹೀಗೇ ಆಗಿತ್ತು, ಶೇ. 10 ಕತ್ತರಿಸಿ ಹಾಕಿದ್ದರು. ನನ್ನದು ಆಟೋ ಸ್ವೀಪ್ ಇರುವ ಖಾತೆ, 50 ಸಾವಿರ ದಾಟಿದ್ದೆಲ್ಲ ತಾನಾಗಿ ಎಫ್‌ಡಿಗೆ ಹೋಗುತ್ತೆ. ಸ್ಟೇಟ್‌ಮೆಂಟ್ ತೆಗೆದು ನೋಡಿ.

ನಿವೃತ್ತ ಹೆಡ್ ಕ್ಯಾಷಿಯರ್

ಪುರಾಣದವರೇ, ನೀವು ಹೇಳಿದ ನಿಯಮ ಇತ್ತು, ನಾನೇ ಆ ಲೆಡ್ಜರ್ ಬರೆದವನು. ಆದರೆ 2010ರ ಏಪ್ರಿಲ್ 1ಕ್ಕೆ ಅದು ಮುಗಿಯಿತು. ಅಂದಿನಿಂದ ಪ್ರತಿ ದಿನದ ಕೊನೆಯ ಬ್ಯಾಲೆನ್ಸಿನ ಮೇಲೆ ಲೆಕ್ಕ. ಹಾಗಾಗಿ ಮೇಡಂ ಅವರು ದಿನಗಳನ್ನು ತುಂಡು ಮಾಡಿಕೊಂಡ ರೀತಿ ಸರಿಯಾಗಿದೆ. ಬಸ್ ಪಾಸ್ ಅವರೇ, ನಿಮ್ಮ ದುಡ್ಡು ಎಫ್‌ಡಿಗೆ ಹೋಗಿತ್ತು, ಅದಕ್ಕೇ ಟಿಡಿಎಸ್ ಬಿತ್ತು. ಬರೀ ಉಳಿತಾಯ ಖಾತೆಯ ಬಡ್ಡಿಗೆ ಟಿಡಿಎಸ್ ಇಲ್ಲ.

ತೊಂದರೆ ಇರುವುದು ಆ IFನಲ್ಲಿ. ಬ್ಯಾಲೆನ್ಸ್ 5 ಲಕ್ಷ ದಾಟಿದ ಕೂಡಲೇ ಪೂರ್ತಿ ಮೊತ್ತಕ್ಕೆ ಶೇ. 7 ಹಾಕಿಬಿಡುತ್ತದೆ. ನಿಮ್ಮ ಬ್ಯಾಂಕ್ ಹಾಗೆ ಮಾಡುತ್ತಿಲ್ಲ ಅನ್ನಿಸುತ್ತದೆ. ಆದಾಯ ತೆರಿಗೆಯ ಸ್ಲ್ಯಾಬ್ ಇದ್ದ ಹಾಗೆ: ಮೊದಲ 1 ಲಕ್ಷಕ್ಕೆ ಯಾವಾಗಲೂ ಶೇ. 3, ಮುಂದಿನ 4 ಲಕ್ಷಕ್ಕೆ ಶೇ. 5, ಅದರಾಚೆ ಇರುವ ದುಡ್ಡಿಗೆ ಮಾತ್ರ ಶೇ. 7. ನಿಮ್ಮ 6 ಲಕ್ಷವನ್ನೇ ಬಿಡಿಸಿ ನೋಡಿ. ವರ್ಷದ ಲೆಕ್ಕದಲ್ಲಿ 3,000, 20,000, 7,000, ಒಟ್ಟು 30,000. ಅಂದರೆ ನಿಮಗೆ ನಿಜವಾಗಿ ಬೀಳುವ ದರ ಶೇ. 5. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವ 7 ಆ ಖಾತೆಯ ಯಾವ ಗ್ರಾಹಕನಿಗೂ ಪೂರ್ತಿ ದುಡ್ಡಿನ ಮೇಲೆ ಸಿಗುವುದಿಲ್ಲ.

ಸೂತ್ರ ಹೀಗೆ ಬದಲಿಸಿ:

```
=(MIN(B2,100000)*3%
 +MAX(0,MIN(B2,500000)-100000)*5%
 +MAX(0,B2-500000)*7%)*C2/365
```

ಅಡಿಕೆಮನೆ (ಸಾಗರ)

ಹಾಕಿದೆ ಸರ್. ಮೊದಲ ಸಾಲು 3,287.67, ಎರಡನೆಯದು 2,021.92, ಮೂರನೆಯದು 1,928.77. ಒಟ್ಟು 7,238. ಹತ್ತಿರ ಬಂತು, ಆದರೂ 64 ರೂಪಾಯಿ ಹೆಚ್ಚು ತೋರಿಸುತ್ತಿದೆ. 64 ರೂಪಾಯಿಗೆ ಜಗಳ ಮಾಡುವವಳಲ್ಲ ನಾನು, ಆದರೆ ಯಾಕೆ ಅಂತ ಗೊತ್ತಾಗಬೇಕು.

ಪಾಸ್‌ಬುಕ್ ಪುರಾಣ

ರೌಂಡ್ ಆಫ್ ಇರಬಹುದು. ಪ್ರತಿ ದಿನ ಪೈಸೆ ಬಿಟ್ಟುಬಿಡುತ್ತಾರೆ.

ನಿವೃತ್ತ ಹೆಡ್ ಕ್ಯಾಷಿಯರ್

92 ದಿನಕ್ಕೆ ದಿನಾ ಪೈಸೆಯನ್ನೆಲ್ಲ ಬಿಟ್ಟರೂ 92 ರೂಪಾಯಿ ಮುಟ್ಟುವುದಿಲ್ಲ, ಆದ್ದರಿಂದ ನಿಮ್ಮ ಮಾತು ಅಸಾಧ್ಯವೇನಲ್ಲ. ಆದರೆ 64 ನನಗೆ ಬೇರೆ ಏನೋ ಹೇಳುತ್ತಿದೆ. ಮೇಡಂ, 4.5 ಲಕ್ಷಕ್ಕೆ ಒಂದು ದಿನದ ಬಡ್ಡಿ 56.16. 8 ಲಕ್ಷಕ್ಕೆ ಒಂದು ದಿನಕ್ಕೆ 120.55. ಕಳೆಯಿರಿ: 64.39. ಅಂದರೆ ಒಂದೇ ಒಂದು ದಿನ ಬ್ಯಾಂಕಿನ ಪ್ರಕಾರ ನಿಮ್ಮ ಖಾತೆಯಲ್ಲಿ 4.5 ಲಕ್ಷ ಇತ್ತು, ನಿಮ್ಮ ಪ್ರಕಾರ 8 ಲಕ್ಷ. 36ರ ಜಾಗದಲ್ಲಿ 37, 16ರ ಜಾಗದಲ್ಲಿ 15 ಹಾಕಿ. ಅಡಿಕೆ ದುಡ್ಡು ಬಂದಿದ್ದು ಹೇಗೆ? ಚೆಕ್ಕೇ?

ಅಡಿಕೆಮನೆ (ಸಾಗರ)

7,173.97! ಹೌದು ಸರ್, ಮಂಡಿಯವರು ಕೊಟ್ಟ ಚೆಕ್. 15ನೇ ತಾರೀಕು ಸೋಮವಾರ ಬ್ರಾಂಚಿನ ಡಬ್ಬಿಗೆ ಹಾಕಿದ್ದೆ. ಈಗ ಆ್ಯಪ್‌ನಲ್ಲಿ ನೋಡಿದರೆ ಕ್ರೆಡಿಟ್ ಆದ ತಾರೀಕು 16. ಶೀಟ್‌ನಲ್ಲಿ ನಾನು ಕೌಂಟರ್ ಸ್ಲಿಪ್ಪಿನ ತಾರೀಕು ಬರೆದಿದ್ದೆ.

ಇದೇ ಚೆಕ್ಕನ್ನು ಈಗ ಹಾಕಿದ್ದರೆ ಅದೇ ದಿನ ಬರುತ್ತಿತ್ತಾ? ಅಕ್ಟೋಬರ್‌ನಿಂದ ಚೆಕ್ ನಿಯಮ ಬದಲಾಗಿದೆ ಅಂತ ಓದಿದ ನೆನಪು.

ನಿವೃತ್ತ ಹೆಡ್ ಕ್ಯಾಷಿಯರ್

ಅಕ್ಟೋಬರ್ 4ರಿಂದ ಕ್ಲಿಯರಿಂಗ್ ದಿನವಿಡೀ ನಡೆಯುತ್ತಿದೆ. ಮೊದಲಿನ ಹಾಗೆ ಕಟ್ಟು ಕಟ್ಟಿ ಕಳಿಸಿ ಮಾರನೇ ದಿನ ಕಾಯುವುದಲ್ಲ. ಬೆಳಿಗ್ಗೆಯೇ ಕೌಂಟರಿಗೆ ಕೊಟ್ಟರೆ ಅದೇ ದಿನ ಸೇರುವ ಸಾಧ್ಯತೆ ಹೆಚ್ಚು. ಡಬ್ಬಿಗೆ ಹಾಕಿದರೆ ಬ್ರಾಂಚಿನವರು ಡಬ್ಬಿ ತೆಗೆದು ಸ್ಕ್ಯಾನ್ ಮಾಡುವ ಹೊತ್ತಿನ ಮೇಲೆ ಹೋಗುತ್ತದೆ. ನಿಮ್ಮ ಶೀಟ್‌ಗೆ ಮಾತ್ರ ಯಾವತ್ತೂ ಸ್ಟೇಟ್‌ಮೆಂಟಿನ ತಾರೀಕನ್ನೇ ಬರೆಯಿರಿ.

ಮೀನುಪೇಟೆ ಮಂಗಳೂರು

ಕ್ಯಾಷಿಯರ್ ಸರ್ ಹೇಳಿದ್ದು ಎಲ್ಲ ಬ್ಯಾಂಕಿಗೂ ಅನ್ವಯ ಆಗುವುದಿಲ್ಲ ಮಾರಾಯ್ರೆ. ನನ್ನ ಒಂದು ಖಾತೆಯಲ್ಲಿ ಮೇಡಂ ಹಾಕಿದ ಮೊದಲನೇ ಸೂತ್ರವೇ ಸರಿ ಹೊಂದುತ್ತದೆ. ಗೆರೆ ದಾಟಿದರೆ ಪೂರ್ತಿ ಬ್ಯಾಲೆನ್ಸಿಗೆ ಮೇಲಿನ ದರ. ಗೆರೆಯಿಂದ ಸ್ವಲ್ಪ ಕೆಳಗೆ ಇಳಿದರೆ ಆ ದಿನ ಅಷ್ಟೂ ದುಡ್ಡಿಗೆ ಕೆಳಗಿನ ದರ. ನಾನು ಒಮ್ಮೆ ರಾತ್ರಿ ಯುಪಿಐಯಲ್ಲಿ ದುಡ್ಡು ಕಳಿಸಿ ಗೆರೆಯ ಕೆಳಗೆ ಹೋಗಿದ್ದೆ, ಬೆಳಿಗ್ಗೆ ವಾಪಸ್ ಬಂದರೂ ಆ ದಿನದ್ದು ಹೋಯಿತು.

ನಿವೃತ್ತ ಹೆಡ್ ಕ್ಯಾಷಿಯರ್

ಸರಿ, ಅದನ್ನು ಹೇಳಬೇಕಿತ್ತು. 2011ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಉಳಿತಾಯ ಬಡ್ಡಿಯನ್ನು ಬ್ಯಾಂಕುಗಳಿಗೇ ಬಿಟ್ಟಿತು. 1 ಲಕ್ಷದವರೆಗಿನ ಬ್ಯಾಲೆನ್ಸಿಗೆ ಎಲ್ಲರಿಗೂ ಒಂದೇ ದರ ಇರಬೇಕು, ಅದರ ಮೇಲೆ ಬೇರೆ ಬೇರೆ ದರ ಇಡಬಹುದು ಅಂದಿತು. ಹಾಗಾಗಿ ಎರಡೂ ಪದ್ಧತಿ ಚಾಲ್ತಿಯಲ್ಲಿವೆ. ಕೆಲವರು ಸ್ಲ್ಯಾಬ್ ಗೊಡವೆಯೇ ಬೇಡ ಅಂತ ಒಂದೇ ದರಕ್ಕೆ ಬಂದಿದ್ದಾರೆ, ಎಸ್‌ಬಿಐಯಲ್ಲಿ 2025ರ ಜೂನ್ 15ರಿಂದ ಎಷ್ಟೇ ಬ್ಯಾಲೆನ್ಸ್ ಇರಲಿ ಶೇ. 2.5.

ನಿಮ್ಮ ಬ್ಯಾಂಕ್ ಯಾವ ಪದ್ಧತಿಯದ್ದು ಅಂತ ತಿಳಿಯಲು ದರಪಟ್ಟಿಯ ಕೆಳಗಿನ ಸಣ್ಣಕ್ಷರ ಓದಿ. "ಇನ್‌ಕ್ರಿಮೆಂಟಲ್ ಬ್ಯಾಲೆನ್ಸ್" ಎಂದಿದ್ದರೆ ತುಂಡು ತುಂಡಾಗಿ ಲೆಕ್ಕ. ಹೆಚ್ಚಿನವರು ಅಲ್ಲೇ ಒಂದು ಉದಾಹರಣೆಯನ್ನೂ ಕೊಟ್ಟಿರುತ್ತಾರೆ. ಏನೂ ಬರೆದಿಲ್ಲವಾದರೆ ಬ್ಯಾಲೆನ್ಸ್ ಕದಲದ ಒಂದು ಅವಧಿ ಹಿಡಿದು ಎರಡೂ ಸೂತ್ರ ಹಾಕಿ ನೋಡಿ. 5 ಲಕ್ಷದ ಗೆರೆಯ ಹತ್ತಿರ ಎರಡಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂದರೆ ಗೊಂದಲಕ್ಕೆ ಜಾಗವೇ ಇರುವುದಿಲ್ಲ. ಮಂಗಳೂರಿನವರ ಪದ್ಧತಿಯಲ್ಲಿ, ಇದೇ ದರದಲ್ಲಿ, ಸರಿಯಾಗಿ 5 ಲಕ್ಷಕ್ಕೆ ವರ್ಷಕ್ಕೆ 25,000, ಒಂದು ರೂಪಾಯಿ ಹೆಚ್ಚಿದ್ದರೆ 35,000!

ಬಸ್ ಪಾಸ್ ಬೆಂಗಳೂರು

ಹಾಗಿದ್ರೆ ಮೇಡಂ 8 ಲಕ್ಷ ಒಂದೇ ಕಡೆ ಯಾಕೆ ಇಟ್ಟಿದ್ದಾರೆ? ಎರಡು ಬ್ಯಾಂಕಿನಲ್ಲಿ 4-4 ಇಡಿ. ಬ್ಯಾಂಕ್ ಮುಳುಗಿದರೆ ವಿಮೆ 5 ಲಕ್ಷಕ್ಕೆ ಮಾತ್ರ.

ನಿವೃತ್ತ ಹೆಡ್ ಕ್ಯಾಷಿಯರ್

ವಿಮೆಯ ಮಾತು ಸರಿ. ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ. ಆದರೆ ಬಡ್ಡಿಯಲ್ಲಿ ಅದಕ್ಕೆ ಬೆಲೆ ಕೊಡಬೇಕಾಗುತ್ತದೆ. ಒಂದೇ ಕಡೆ 8 ಲಕ್ಷಕ್ಕೆ ವರ್ಷಕ್ಕೆ 44,000. ಇದೇ ದರದ ಇನ್ನೊಂದು ಬ್ಯಾಂಕ್ ಸಿಕ್ಕರೂ 4 ಲಕ್ಷಕ್ಕೆ 18,000ದಂತೆ ಎರಡು ಸೇರಿ 36,000. ಶೇ. 3ರ ಕೆಳಗಿನ ಮೆಟ್ಟಿಲನ್ನು ಎರಡು ಸಲ ಹತ್ತುತ್ತೀರಿ, ಶೇ. 7ರ ಮೆಟ್ಟಿಲು ಎರಡೂ ಕಡೆ ಸಿಗುವುದಿಲ್ಲ. 8,000 ಬಿಟ್ಟು ನಿಶ್ಚಿಂತೆ ಕೊಳ್ಳಬೇಕೇ ಎನ್ನುವುದು ಅವರವರಿಗೆ ಬಿಟ್ಟಿದ್ದು. ನಾನಾಗಿದ್ದರೆ ಹಂಚುತ್ತಿದ್ದೆ.

ಪಾಸ್‌ಬುಕ್ ಪುರಾಣ

ನಾನಾಗಿದ್ದರೆ ಅಷ್ಟನ್ನೂ ಪೋಸ್ಟ್ ಆಫೀಸಿಗೆ. ಸ್ಲ್ಯಾಬ್ ಇಲ್ಲ, ತಲೆನೋವಿಲ್ಲ.

ಅಡಿಕೆಮನೆ (ಸಾಗರ)

ಪೋಸ್ಟ್ ಆಫೀಸಿನ ವಿಷಯ ಬೇರೆ ಕಡೆ ಚರ್ಚೆ ಮಾಡೋಣ ಸರ್. ನನ್ನ ಬ್ಯಾಂಕಿನ ದರಪಟ್ಟಿ ಈಗ ತೆರೆದು ನೋಡಿದೆ, ಕೆಳಗೆ ಇನ್‌ಕ್ರಿಮೆಂಟಲ್ ಅಂತಲೇ ಇದೆ, 6 ಲಕ್ಷದ ಉದಾಹರಣೆ ಸಮೇತ. ಹಂಚುವುದು ಇನ್ನೂ ನಿರ್ಧಾರ ಮಾಡಿಲ್ಲ. ನವೆಂಬರ್‌ನಲ್ಲಿ ಕೂಲಿ, ಔಷಧಿಗೆ ಹೇಗೂ 2 ಲಕ್ಷ ತೆಗೆಯಬೇಕು. ಆ ತೆಗೆಯುವಿಕೆ ಮೇಲಿನ ಸ್ಲ್ಯಾಬಿನಿಂದಲೇ ಹೋಗುತ್ತದೆ ಅಲ್ಲವಾ ಸರ್? ಅಂದರೆ 2 ಲಕ್ಷಕ್ಕೆ ಶೇ. 7ರ ಬಡ್ಡಿ ಹೋದಂತೆ, ಶೇ. 5.5ರದ್ದಲ್ಲ.

ನಿವೃತ್ತ ಹೆಡ್ ಕ್ಯಾಷಿಯರ್

ಹೌದು, 8ರಿಂದ 6ಕ್ಕೆ ಇಳಿದರೆ 44,000ದಿಂದ 30,000ಕ್ಕೆ. ದಿನಕ್ಕೆ 38 ರೂಪಾಯಿ ಚಿಲ್ಲರೆ. ಕೂಲಿ ಕೊಡುವ ಹಿಂದಿನ ದಿನ ತೆಗೆಯಿರಿ, ತಿಂಗಳ ಮೊದಲೇ ತೆಗೆದು ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ.

ಮೀನುಪೇಟೆ ಮಂಗಳೂರು

ನನ್ನದರಲ್ಲಿ ಬ್ಯಾಲೆನ್ಸ್ ಸರಿಯಾಗಿ ಗೆರೆಯ ಮೇಲೆ ನಿಂತರೆ ಯಾವ ಸ್ಲ್ಯಾಬಿಗೆ ಸೇರುತ್ತದೆ ಅಂತ ಕಸ್ಟಮರ್ ಕೇರಿಗೆ ಕೇಳಿದೆ. ಒಬ್ಬರು ಕೆಳಗಿನದು ಅಂದರು, ಇನ್ನೊಬ್ಬರು ಮೇಲಿನದು ಅಂದರು. ದರಪಟ್ಟಿಯಲ್ಲಿ ಎರಡೂ ಸಾಲಿನಲ್ಲಿ ಅದೇ ಅಂಕಿ ಇದೆ. ಇದೇ ಪದ್ಧತಿಯ ಖಾತೆ ಇರುವವರು ಯಾರಾದರೂ ಪರೀಕ್ಷೆ ಮಾಡಿ ನೋಡಿದ್ದೀರಾ?