ಅಪ್‌ಡೇಟ್: ಉಡುಪಿಯ ಕೇಬಲ್ ಫಾಲ್ಟ್ ಸಿಕ್ಕಿತು

ನಾನು ಕೇಳಿದ್ದು: "600 ಮೀಟರ್ ಅಂಡರ್‌ಗ್ರೌಂಡ್ ಕೇಬಲ್. ಒಂದು ಕೋರ್ ಅರ್ತ್ ಆಗಿದೆ, ಮೆಗ್ಗರ್‌ನಲ್ಲಿ ಸುಮಾರು 40 ಕಿಲೋ ಓಮ್. ಪಲ್ಸ್ ಕಳಿಸಿ ವಾಪಸ್ ಬರುವುದನ್ನು ನೋಡುವ ಟಿಡಿಆರ್‌ನಲ್ಲಿ ಫಾಲ್ಟ್ ಯಾಕೆ ಕಾಣುತ್ತಿಲ್ಲ?"

ಫಾಲ್ಟ್‌ನ ರೆಸಿಸ್ಟೆನ್ಸ್ ಜಾಸ್ತಿ ಇರುವುದರಿಂದ ಟಿಡಿಆರ್‌ಗೆ ಕಾಣುವುದಿಲ್ಲ ಎಂದು ನೀವು ಹೇಳಿದ್ದೇ ನಿಜ. ಕೇಬಲ್‌ನ ಇಂಪಿಡೆನ್ಸ್ ಸುಮಾರು 30 ಓಮ್, ಅದರ ಮುಂದೆ 40 ಕಿಲೋ ಓಮ್ ಫಾಲ್ಟ್ ತುಂಬಾ ದೊಡ್ಡದು. ಪಲ್ಸ್‌ನ ಶೇ. 0.04ರಷ್ಟು ಮಾತ್ರ ವಾಪಸ್ ಬರುತ್ತದೆ. ಪರದೆಯಲ್ಲಿ ಕೊನೆಯ ತುದಿ ಚೆನ್ನಾಗಿ ಕಂಡಿತು, ಉದ್ದ ಖಚಿತವಾಯಿತು, ಅಷ್ಟೇ.

ಹಾಗಾಗಿ ಬ್ರಿಡ್ಜ್ ಬ್ಯಾಲೆನ್ಸ್ ಮಾಡಿ ಫಾಲ್ಟ್‌ನ ದೂರ ಕಂಡುಹಿಡಿಯುವ ಮರ್ರೆ ಲೂಪ್ ಟೆಸ್ಟ್ ಮಾಡಿದೆವು. ಆಚೆ ತುದಿಯಲ್ಲಿ ಕೆಟ್ಟ ಕೋರನ್ನು ಅದೇ ಅಳತೆಯ ಒಳ್ಳೆಯ ಕೋರ್‌ಗೆ ದಪ್ಪ ಜಂಪರ್‌ನಿಂದ ಸೇರಿಸಿದೆವು. ಮೊದಲ ಸಲ ಗ್ಯಾಲ್ವನೋಮೀಟರ್ ಮುಳ್ಳು ನಿಲ್ಲಲೇ ಇಲ್ಲ. ಲಗ್ ಮೇಲೆ ಹಸಿರು ಕಿಲುಬು ಹಿಡಿದಿತ್ತು, ಕರಾವಳಿ ಗಾಳಿ ಅಲ್ವಾ! ಉಜ್ಜಿ ಬಿಗಿ ಮಾಡಿದ ಮೇಲೆ 0.31ಕ್ಕೆ ಬ್ಯಾಲೆನ್ಸ್ ಆಯಿತು. ಈಚೆ ತುದಿಯಲ್ಲಿ ಲೀಡ್ ಅದಲು ಬದಲು ಮಾಡಿದರೆ 0.69. ಎರಡೂ ಸೇರಿ 1, ಅಂದರೆ ರೀಡಿಂಗ್ ನಂಬಬಹುದು. ಎರಡು ಕೋರ್ ಸೇರಿ ಲೂಪ್ 1200 ಮೀಟರ್, ಈಚೆ ತುದಿಯಿಂದ ಫಾಲ್ಟ್‌ಗೆ ದೂರ ಮೀಟರ್‌ನಲ್ಲಿ:

```
0.31 × 1200 = 372
```

ಫಾಲ್ಟ್‌ನ ರೆಸಿಸ್ಟೆನ್ಸ್ ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ಜಾಸ್ತಿಯಾದರೆ ಮುಳ್ಳು ಮಂದವಾಗುತ್ತದೆ, ಬ್ಯಾಲೆನ್ಸ್ ಜಾಗ ಬದಲಾಗುವುದಿಲ್ಲ. ನನಗೆ ತುಂಬಾ ಇಷ್ಟವಾದದ್ದು ಇದೇ.

ಆ ಜಾಗದ ಹತ್ತಿರ ಮುರಕಲ್ಲು ಅಗೆದಾಗ ಹಳೆಯ ಜಾಯಿಂಟ್ ಸಿಕ್ಕಿತು, ಒಳಗೆಲ್ಲ ನೀರು. ಹೊಸ ಜಾಯಿಂಟ್ ಹಾಕಿದ್ದೇವೆ. ಮೆಗ್ಗರ್ ಈಗ ಸರಿಯಾಗಿದೆ.